ಹುಮತ, ಹೂಖ್ತ, ಹ್ವರ್ಷ್ತ: ಗಾಥೆಗಳಲ್ಲಿಲ್ಲದ ಸೂತ್ರ

ಪಾರ್ಸಿಗಳ ಧರ್ಮವನ್ನು ಪರಿಚಯಿಸುವ ಬರಹಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಸದ್ವಿಚಾರ, ಸದ್ವಚನ, ಸತ್ಕಾರ್ಯ ಎಂಬುದು ಜರತುಷ್ಟ್ರನು ಗಾಥೆಗಳಲ್ಲಿ ಕೊಟ್ಟ ನೀತಿಬೋಧೆ ಎಂದು. ಆದರೆ ಗಾಥೆಗಳ 17 ಸೂಕ್ತಗಳಲ್ಲಿ ಹುಮತ, ಹೂಖ್ತ, ಹ್ವರ್ಷ್ತ ಎಂಬ ಮೂರು ಪದಗಳು ಹೀಗೆ ಒಟ್ಟಾಗಿ ಎಲ್ಲಿಯೂ ಬರುವುದಿಲ್ಲ. ಅವು ಬರುವುದು ಗಾಥೆಗಳ ನಡುವೆ ಸೇರಿಕೊಂಡಿರುವ ‘ಯಸ್ನ ಹಪ್ತಂಗ್‌ಹಾಯಿತಿ’ ಎಂಬ ಏಳು ಅಧ್ಯಾಯಗಳ ಗದ್ಯಪಾಠದಲ್ಲಿ. ಭಾಷೆ ಅಷ್ಟೇ ಹಳೆಯದು, ದನಿ ಬೇರೆ. ಈ ಪಾಠವನ್ನು ಬದಿಗಿಟ್ಟು ಸೂತ್ರದ ಅರ್ಥ ಹೇಳುವ ಅಭ್ಯಾಸ ಇನ್ನೂ ನಿಂತಿಲ್ಲ.

ಯುರೋಪಿನಲ್ಲಿ ಈ ಅಧ್ಯಯನ ಶುರುವಾದದ್ದು ಆಂಕೆತಿಲ್ ದುಪೆರೊನ್ ಸೂರತ್‌ನ ಪುರೋಹಿತರಿಂದ ಕಲಿತು 1771ರಲ್ಲಿ ಅವೆಸ್ತಾದ ಫ್ರೆಂಚ್ ಅನುವಾದ ಪ್ರಕಟಿಸಿದಾಗ. ಮುಂದೆ ಪುಣೆಯಲ್ಲಿ ಸಂಸ್ಕೃತ ಕಲಿಸಿದ ಮಾರ್ಟಿನ್ ಹಾಗ್ ಗಾಥೆಗಳಷ್ಟೇ ಜರತುಷ್ಟ್ರನ ಸ್ವಂತ ಮಾತು ಎಂದು ಗೆರೆ ಎಳೆದರು. ಆ ಗೆರೆ ಗಾಥೆಗಳಿಗೆ ಗೌರವ ತಂದಿತು, ಹಪ್ತಂಗ್‌ಹಾಯಿತಿಗೆ ನಷ್ಟ. ಅದರಲ್ಲಿ ಜರತುಷ್ಟ್ರನ ಹೆಸರಿಲ್ಲ, ಬೆಂಕಿ ಮತ್ತು ನೀರಿನ ಆರಾಧನೆ ಇದೆ. ಹಾಗಾಗಿ ಪ್ರವಾದಿಯ ನಂತರ ಜನ ಹಳೆಯ ಪೂಜೆಗೆ ಮರಳಿದ್ದಕ್ಕೆ ಅದು ಸಾಕ್ಷಿ ಎಂದು ಬಹುಕಾಲ ನಂಬಲಾಯಿತು. ಪಠ್ಯ ಏನು ಹೇಳುತ್ತದೆಂದು ನೋಡುವ ಮೊದಲೇ ಕೊಟ್ಟ ತೀರ್ಪು ಅದು.

ಗಾಥೆಗಳಲ್ಲಿ ಇರುವುದು ಮನಸ್ಸು, ಮಾತು, ಕೃತ್ಯ ಎಂಬ ತ್ರಯ ಮಾತ್ರ. ಯಸ್ನ 30.3ರಲ್ಲಿ ಅವಳಿಗಳಾದ ಎರಡು ಮೂಲ ಚೇತನಗಳ ಪ್ರಸ್ತಾಪವಿದೆ. ಅವು ಮನಸ್ಸು, ಮಾತು, ಕೃತ್ಯ ಮೂರರಲ್ಲೂ ಬೇರೆಬೇರೆ, ಒಂದು ಮೇಲು, ಒಂದು ಕೇಡು. ಇಲ್ಲಿ ತ್ರಯಕ್ಕೆ ತನ್ನದೇ ಒಳ್ಳೆಯತನವಿಲ್ಲ, ಒಳಿತು ಕೆಡುಕು ಎರಡೂ ಗೋಚರಿಸುವ ಸ್ಥಳ ಅದು. ಯಸ್ನ 34.1ರಲ್ಲಂತೂ ಕೃತ್ಯ ಮತ್ತು ಮಾತಿನ ಜೊತೆ ಮೂರನೆಯದಾಗಿ ನಿಲ್ಲುವುದು ಮನಸ್ಸಲ್ಲ, ಯಸ್ನ, ಅಂದರೆ ಯಜನ. ನಮ್ಮ ‘ತ್ರಿಕರಣಶುದ್ಧಿ’ಯನ್ನು ಇದರ ಮೇಲೆ ನೇರವಾಗಿ ಹೊದಿಸುವವರು ಈ ಜಾಗದಲ್ಲಿ ತಡವರಿಸಲೇಬೇಕು.

1986ರಲ್ಲಿ ಯೊಹಾನ್ನಾ ನಾರ್ಟೆನ್ ಅವರ ಹಪ್ತಂಗ್‌ಹಾಯಿತಿ ಅಧ್ಯಯನ ಜರ್ಮನ್‌ನಲ್ಲಿ ಬಂದಾಗ ನಮ್ಮ ಪೀಳಿಗೆಗೆ ಓದುವ ದಾರಿಯೇ ಬದಲಾಯಿತು. ಪದರೂಪಗಳನ್ನು ಒಂದೊಂದಾಗಿ ತೂಗಿ, ಈ ಗದ್ಯ ಗಾಥೆಗಳಷ್ಟೇ ಪ್ರಾಚೀನ, ಜರತುಷ್ಟ್ರನದೇ ರಚನೆ ಆಗಿದ್ದರೂ ಆಶ್ಚರ್ಯವಿಲ್ಲ ಎಂದು ಅವರು ತೋರಿಸಿದರು. ಆಲ್ಮುತ್ ಹಿಂಟ್ಸೆ 2007ರಲ್ಲಿ ಇದನ್ನು ಸಮುದಾಯದ ಆರಾಧನಾಪಾಠವಾಗಿ ಬಿಡಿಸಿ ಓದಿದರು. ಈ ಇಬ್ಬರ ಜೊತೆ ಸೂತ್ರದ ಮೊದಲ ನೆಲೆಯಾದ ಯಸ್ನ 35.2ಕ್ಕೆ ಬಂದರೆ ಎಷ್ಟೋ ಗಂಟುಗಳು ಸಡಿಲವಾಗುತ್ತವೆ.

ಸಂಸ್ಕೃತದ ಸಕಾರ ಅವೆಸ್ತಾದಲ್ಲಿ ಹಕಾರವಾಗುವುದರಿಂದ ಹೂಖ್ತ ಎಂದರೆ ನಮ್ಮ ‘ಸೂಕ್ತ’ವೇ. ಹುಮತ, ಹ್ವರ್ಷ್ತಗಳೂ ಅದರಂತೆ ಕೃದಂತಗಳು: ಚೆನ್ನಾಗಿ ಯೋಚಿಸಿದ್ದು, ಚೆನ್ನಾಗಿ ನುಡಿದದ್ದು, ಚೆನ್ನಾಗಿ ಮಾಡಿದ್ದು. ವಾಕ್ಯದಲ್ಲಿ ಮೂರೂ ಷಷ್ಠೀ ಬಹುವಚನದಲ್ಲಿವೆ. ‘ಒಳ್ಳೆಯದನ್ನು ಯೋಚಿಸು’ ಎಂಬ ಆಜ್ಞೆ ಎಲ್ಲಿಯೂ ಇಲ್ಲ. ಬೆನ್ನಲ್ಲೇ ಇನ್ನೆರಡು ಕೃದಂತಗಳು ಬರುತ್ತವೆ, ಈಗ ನಡೆಯುತ್ತಿರುವುದಕ್ಕೆ ಒಂದು, ಆಗಲೇ ನಡೆದಿರುವುದಕ್ಕೆ ಇನ್ನೊಂದು. ಇಲ್ಲಿಯದು, ಬೇರೆಡೆಯದು ಎಂಬ ಮಾತೂ ಇದೆ. ಕ್ರಿಯಾಪದ ಉತ್ತಮಪುರುಷ ಬಹುವಚನ: ‘ನಾವು ಆಗಿದ್ದೇವೆ’. ಏನಾಗಿದ್ದೇವೆ? ಅಂಥವನ್ನು ಸ್ವಾಗತಿಸುವವರು, ಹಳಿಯುವವರಲ್ಲ. ಅಂದರೆ ನೆರೆದವರು ತಮ್ಮ ಸದ್ಗುಣವನ್ನು ಸಾರಿಕೊಳ್ಳುತ್ತಿಲ್ಲ. ಯಾರು, ಎಲ್ಲಿ, ಯಾವಾಗ ಮಾಡಿದ ಒಳಿತಾದರೂ ಅದರ ಪಕ್ಷದಲ್ಲಿ ನಿಲ್ಲುತ್ತೇವೆ ಎನ್ನುತ್ತಿದ್ದಾರೆ. ವೆಂದಿದಾದ್‌ನ ಹತ್ತನೆಯ ಅಧ್ಯಾಯ ಎರಡು ಬಾರಿ ಹೇಳಬೇಕಾದ ಪಾಠಗಳಲ್ಲಿ ಇದನ್ನೂ ಸೇರಿಸಿದೆ.

ಹಾಗಾದರೆ ‘ಚೆನ್ನಾಗಿ ಮಾಡಿದ್ದು’ ಎಂದರೆ ನೀತಿಯೋ, ಯಜ್ಞಕರ್ಮವೋ? ಝಾನ್ ಕೆಲೆನ್ಸ್ ಮತ್ತು ಎರಿಕ್ ಪಿರಾರ್ 1988ರಿಂದ ಹೊರತಂದ ಸಂಪುಟಗಳಲ್ಲಿ ಹಳೆಯ ಅವೆಸ್ತಾದ ಕೃತ್ಯಗಳನ್ನೆಲ್ಲ ಹೆಚ್ಚುಕಡಿಮೆ ಯಜ್ಞಕ್ಕೇ ಕಟ್ಟಿದರು. ನೀತಿಬೋಧೆಯ ಸಡಿಲ ಓದಿಗೆ ಅದು ಬೇಕಾಗಿದ್ದ ಪೆಟ್ಟು, ಆದರೆ ಅತಿಯಾಯಿತು. ಯಾಜಕರ ಬಾಯಲ್ಲಿ ಚೆನ್ನಾಗಿ ನುಡಿದದ್ದು ಎಂದರೆ ಮೊದಲು ತಪ್ಪಿಲ್ಲದ ಪಾಠ ಎಂಬುದನ್ನು ಒಪ್ಪೋಣ. ಆದರೂ ‘ಬೇರೆಡೆ’ ಎಂಬ ಒಂದು ಪದ ಅರ್ಥವನ್ನು ಯಜ್ಞಭೂಮಿಯ ಆಚೆಗೆ ಒಯ್ಯುತ್ತದೆ. ಆ ಪದಕ್ಕೆ ಯಜ್ಞಪಕ್ಷದವರು ಕೊಟ್ಟ ಸಮಾಧಾನ ನನಗೆ ಸಾಲದು.

ಉಳಿದಿರುವ ದೊಡ್ಡ ಕೆಲಸ ಭಾರತದ್ದೇ. ಗಾಥೆಗಳನ್ನು ಋಗ್ವೇದದ ಪಕ್ಕದಲ್ಲಿಟ್ಟು ಓದಿದವರು ಬಹಳ. ಹಪ್ತಂಗ್‌ಹಾಯಿತಿ ಗದ್ಯ, ಅದರ ಪಕ್ಕದಲ್ಲಿಡಬೇಕಾದದ್ದು ಯಜುರ್ವೇದದ ಗದ್ಯಮಂತ್ರಗಳು. ಅವನ್ನು ಸ್ವರಸಹಿತ ಕಲಿತು, ಯಾವ ಮಂತ್ರ ಯಾವ ಕ್ರಿಯೆಗೆ ಎಂದು ಬಲ್ಲ ವೈದಿಕರು ನಮ್ಮಲ್ಲಿ ಇನ್ನೂ ಇದ್ದಾರೆ. ಯಸ್ನವನ್ನು ಬಾಯಿಪಾಠ ಮಾಡಿ ಇಂದಿಗೂ ನಡೆಸುವ ಪಾರ್ಸಿ ಪುರೋಹಿತರು ಮುಂಬೈಯಲ್ಲಿದ್ದಾರೆ. ‘ನಡೆಯುತ್ತಿರುವುದು, ನಡೆದಿರುವುದು’ ಎಂಬ ಮಾತು ಕ್ರಿಯೆಯ ಯಾವ ಹಂತದಲ್ಲಿ ಬಾಯಿಗೆ ಬರುತ್ತದೆ, ಆಗ ಕೈ ಏನು ಮಾಡುತ್ತಿರುತ್ತದೆ ಎಂದು ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳಬೇಕು.