ಚಪಡನ ಸಹಿಯೂ ಬರಹದ ದಿಕ್ಕೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು. ಅದರೊಡನೆಯೇ ಸಮೀಪದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಶಾಸನಗಳೂ ಗೊತ್ತಾದುವು. ಶಾಸನದ ವಿಷಯವನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ನಮ್ಮ ಪ್ರಸ್ತುತ ವಿಚಾರಕ್ಕೆ ಬೇಕಾದುದು ಅದರ ಕೊನೆಯ ಒಂದು ಪದ ಮಾತ್ರ. ಲೇಖನವನ್ನು ಬರೆದವನು ಚಪಡನೆಂಬವನು. ತನ್ನ ಹೆಸರನ್ನೂ ತಾನು ಬರೆದೆನೆಂಬುದನ್ನೂ ಆತನು ಶಾಸನದ ಉಳಿದ ಭಾಗದಂತೆಯೇ ಬ್ರಾಹ್ಮೀ ಲಿಪಿಯಲ್ಲಿ ಎಡದಿಂದ ಬಲಕ್ಕೆ ಬರೆದು, ತನ್ನ ವೃತ್ತಿಯನ್ನು ತಿಳಿಸುವ 'ಲಿಪಿಕರೇಣ' ಎಂಬ ಪದವನ್ನು ಮಾತ್ರ ಖರೋಷ್ಠೀ ಲಿಪಿಯಲ್ಲಿ ಬರೆದನು. ಖರೋಷ್ಠಿಯು ಬಲದಿಂದ ಎಡಕ್ಕೆ ಸಾಗುವ ಲಿಪಿ. ಆದುದರಿಂದ ಓದುತ್ತ ಬಂದವನು ಈ ಪದದ ಬಳಿ ನಿಂತು, ಅದರ ಬಲತುದಿಯನ್ನು ಹುಡುಕಿ, ಅಲ್ಲಿಂದ ಹಿಂದಕ್ಕೆ ಐದು ಅಕ್ಷರಗಳನ್ನು ಓದಬೇಕಾಗುತ್ತದೆ.

ಖರೋಷ್ಠಿಯು ವಾಯವ್ಯ ಭಾರತದ ಗಾಂಧಾರ ಪ್ರಾಂತದ ಲಿಪಿ. ಅಶೋಕನ ಶಾಸನಗಳಲ್ಲಿ ಶಹಬಾಜಗಢಿ ಮತ್ತು ಮಾನ್ಸೆಹ್ರಾಗಳ ಬಂಡೆಗಳು ಈ ಲಿಪಿಯವು. ಅಲ್ಲಿಂದ ಬಹುದೂರದ ಮೊಳಕಾಲ್ಮೂರಿನಲ್ಲಿ ಇದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬೇಕು? ಬಹುಶಃ ಒಬ್ಬರೂ ಇದ್ದಿರಲಾರರು. ಚಪಡನು ಗಾಂಧಾರದವನೆಂದು ಕೆಲವರೂ, ಎರಡು ಲಿಪಿಗಳನ್ನು ಬಲ್ಲೆನೆಂಬ ಹೆಮ್ಮೆಯನ್ನು ತೋರಿಸಿದನೆಂದು ಕೆಲವರೂ ಊಹಿಸಿದ್ದಾರೆ. ಈ ಎರಡು ಊಹೆಗಳಿಗೆ ಪರಸ್ಪರ ವಿರೋಧವೇನೂ ಇಲ್ಲ. ನಿಶ್ಚಯವಾದ ಸಂಗತಿಯೆಂದರೆ, ಕ್ರಿಸ್ತಪೂರ್ವ ಮೂರನೆಯ ಶತಮಾನದ ಒಬ್ಬ ಲಿಪಿಕಾರನ ಕೈಯೂ ಕಣ್ಣೂ ಎರಡು ದಿಕ್ಕುಗಳಲ್ಲಿ ಪಳಗಿದ್ದುವು ಮತ್ತು ಒಂದೇ ಲೇಖನದೊಳಗೆ ಅವನು ಒಂದರಿಂದ ಇನ್ನೊಂದಕ್ಕೆ ತಿರುಗಬಲ್ಲವನಾಗಿದ್ದನು.

ಖರೋಷ್ಠಿಯು ಬಲದಿಂದ ಎಡಕ್ಕೆ ಏಕೆ ಸಾಗಿತು? ಇದಕ್ಕೆ ಚರಿತ್ರೆಯೇ ಉತ್ತರ ಕೊಡುತ್ತದೆ. ಗಾಂಧಾರವು ಪರ್ಷಿಯದ ಅಖಮೇನಿ ಸಾಮ್ರಾಜ್ಯದ ಭಾಗವಾಗಿದ್ದಾಗ ಅಲ್ಲಿಯ ಕಚೇರಿಗಳ ಬರವಣಿಗೆ ಅರಮಾಯಿಕ್ ಭಾಷೆಯಲ್ಲಿ ನಡೆಯುತ್ತಿತ್ತು. ಖರೋಷ್ಠಿಯ ಅನೇಕ ಅಕ್ಷರಗಳ ಆಕಾರವನ್ನು ಅರಮಾಯಿಕ್ ಅಕ್ಷರಗಳೊಡನೆ ಹೋಲಿಸಿದರೆ ಸಂಬಂಧವು ಸ್ಪಷ್ಟವಾಗುತ್ತದೆ. ಅಕ್ಷರಗಳನ್ನು ಎರವಲು ತಂದವರು ಅವುಗಳ ದಿಕ್ಕನ್ನೂ ಜೊತೆಯಲ್ಲಿಯೇ ತಂದರು. ಅರಮಾಯಿಕ್ ಲಿಪಿಗೆ ಆ ದಿಕ್ಕು ಫಿನೀಷಿಯನ್ ಲಿಪಿಯಿಂದ ಬಂದುದು. ಅದಕ್ಕಿಂತಲೂ ಹಿಂದಿನ ಸೆಮಿಟಿಕ್ ಲೇಖಗಳನ್ನು ನೋಡಿದರೆ ದಿಕ್ಕು ಇನ್ನೂ ನಿಂತಿರಲಿಲ್ಲವೆಂದು ತಿಳಿಯುತ್ತದೆ; ಎಡದಿಂದ, ಬಲದಿಂದ, ಮೇಲಿನಿಂದ, ಹೀಗೆ ಬರೆಯುವವನ ಅನುಕೂಲದಂತೆ ಅಕ್ಷರಗಳು ಸಾಗುತ್ತಿದ್ದುವು. ಕ್ರಿಸ್ತಪೂರ್ವ ಹನ್ನೊಂದನೆಯ ಶತಮಾನದ ಸುಮಾರಿಗೆ ಫಿನೀಷಿಯನ್ನರಲ್ಲಿ ಬಲದಿಂದ ಎಡಕ್ಕೆ ಎಂಬ ಪದ್ಧತಿಯು ನೆಲೆಗೊಂಡಿತು. ಹೀಬ್ರೂ, ಅರಬ್ಬಿ, ಪಾರಸಿ, ಉರ್ದು ಬರಹಗಳೆಲ್ಲವೂ ಕೊನೆಗೆ ಈ ಒಂದು ವಂಶದ ಆಸ್ತಿಯನ್ನೇ ಅನುಭವಿಸುತ್ತಿವೆ.

ಇದಕ್ಕೆ ಲೋಕದಲ್ಲಿ ಬೇರೊಂದು ಕಾರಣವನ್ನು ಹೇಳುವ ರೂಢಿಯಿದೆ. ಬಲಗೈಯವನು ಕಲ್ಲಿನಲ್ಲಿ ಕೆತ್ತುವಾಗ ಸುತ್ತಿಗೆಯು ಬಲಗೈಯಲ್ಲಿಯೂ ಉಳಿಯು ಎಡಗೈಯಲ್ಲಿಯೂ ಇರುವುದರಿಂದ ಬಲದಿಂದ ಎಡಕ್ಕೆ ಸಾಗುವುದು ಸುಲಭವೆಂದೂ, ಮಸಿಯಿಂದ ಬರೆಯತೊಡಗಿದ ಮೇಲೆ ಹಸಿ ಅಕ್ಷರಗಳ ಮೇಲೆ ಕೈ ಒರಸದಿರಲೆಂದು ಎಡದಿಂದ ಬಲಕ್ಕೆ ತಿರುಗಿದರೆಂದೂ ಈ ವಾದ. ಕೇಳುವುದಕ್ಕೆ ಚೆನ್ನಾಗಿದೆ; ಆದರೆ ಸಾಕ್ಷ್ಯವು ಇದಕ್ಕೆ ಒಪ್ಪುವುದಿಲ್ಲ. ಅರಮಾಯಿಕ್ ಲಿಪಿಯನ್ನು ಪಪೈರಸ್ ಹಾಳೆಯ ಮೇಲೆ ಮತ್ತು ತೊಗಲಿನ ಮೇಲೆ ಮಸಿಯಿಂದಲೇ ಶತಮಾನಗಳ ಕಾಲ ಬರೆದರು, ದಿಕ್ಕು ಬದಲಾಗಲಿಲ್ಲ. ಬ್ರಾಹ್ಮಿಯನ್ನು ಅಶೋಕನ ಬಂಡೆಗಳ ಮೇಲೆ ಉಳಿಯಿಂದಲೇ ಕೆತ್ತಿದರು. ಅದು ಎಡದಿಂದಲೇ ಸಾಗಿತು. ಸಾಧನವು ಮೊದಲ ಬಾರಿಗೆ ದಿಕ್ಕನ್ನು ಸೂಚಿಸಿರಬಹುದು. ಆದರೆ ಒಮ್ಮೆ ಲಿಪಿಕಾರರ ಒಂದು ಪಂಗಡವು ಅದನ್ನು ಗುರುವಿನಿಂದ ಶಿಷ್ಯನಿಗೆ ಕೊಡತೊಡಗಿದ ಮೇಲೆ ಅದನ್ನು ಉಳಿಸುವುದು ಅಭ್ಯಾಸವೇ ಹೊರತು ಉಳಿಯೂ ಅಲ್ಲ, ಮಸಿಯೂ ಅಲ್ಲ.

ಮೇಲಿನಿಂದ ಕೆಳಕ್ಕೆ ಸಾಗುವ ಲಿಪಿಗಳಲ್ಲಿ ಚೀಣದ ವಿಷಯಕ್ಕೆ ಬಿದಿರಿನ ಕಿರಿದಾದ ಪಟ್ಟಿಗಳನ್ನು ಕಾರಣವಾಗಿ ಹೇಳುತ್ತಾರೆ. ಇದು ಸಂಭವನೀಯವೂ ಹೌದು. ಆದರೆ ಎರವಲು ಬಂದ ದಿಕ್ಕಿನ ವಿಚಿತ್ರವನ್ನು ತೋರಿಸಲು ಮಂಗೋಲರ ಲಿಪಿಯೇ ಉತ್ತಮ ನಿದರ್ಶನ. ಹದಿಮೂರನೆಯ ಶತಮಾನದ ಆದಿಯಲ್ಲಿ ಅವರು ಉಯಿಗುರರಿಂದ ಪಡೆದ ಈ ಬರಹವು ಸೋಗ್ಡಿಯನ್ ಲಿಪಿಯ ಮೂಲಕ ಅರಮಾಯಿಕ್ ವಂಶಕ್ಕೇ ಸೇರುತ್ತದೆ. ಅದು ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಆದರೆ ಅದರ ಸಾಲುಗಳು ಚೀಣೀ ಸಾಲುಗಳಂತೆ ಬಲದಿಂದ ಎಡಕ್ಕೆ ಅಲ್ಲ, ಎಡದಿಂದ ಬಲಕ್ಕೆ ಜೋಡಿಸಲ್ಪಡುತ್ತವೆ. ಇದೇಕೆಂಬುದನ್ನು ಓದುಗರು ಒಂದು ಉರ್ದು ಪುಟವನ್ನು ಕೈಯಲ್ಲಿ ಹಿಡಿದು ನೋಡಬಹುದು. ಪುಟದ ಬಲಅಂಚು ಮೇಲೆ ಬರುವಂತೆ ಅದನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ, ಪ್ರತಿಯೊಂದು ಸಾಲೂ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮೊದಲು ಪುಟದ ತಲೆಯಲ್ಲಿದ್ದ ಸಾಲು ಈಗ ಎಡಗಡೆಗೆ ಬಂದಿರುತ್ತದೆ. ಇದೇ ಮಂಗೋಲ್ ಪುಟದ ವ್ಯವಸ್ಥೆ. ಹಾಳೆ ತಿರುಗಿತೇ ಹೊರತು ಅಕ್ಷರಗಳ ಪರಸ್ಪರ ಕ್ರಮ ಕೆಡಲಿಲ್ಲ.

ಬ್ರಾಹ್ಮಿಯ ದಿಕ್ಕಿನ ಪ್ರಶ್ನೆಗೆ ಬರೋಣ. ಬ್ರಾಹ್ಮಿಯೂ ಸೆಮಿಟಿಕ್ ಮೂಲದ್ದೆಂದು ವಾದಿಸಿದ ಜರ್ಮನ್ ಪಂಡಿತ ಬ್ಯೂಲರನಿಗೆ ಒಂದು ತೊಡಕು ಎದುರಾಯಿತು. ಮೂಲವು ಬಲದಿಂದ ಸಾಗುವುದಾದರೆ ಬ್ರಾಹ್ಮಿಯು ಎಡದಿಂದ ಸಾಗುವುದೇಕೆ? ಬ್ರಾಹ್ಮಿಯೂ ಒಂದು ಕಾಲದಲ್ಲಿ ಬಲದಿಂದ ಎಡಕ್ಕೆ ಸಾಗುತ್ತಿದ್ದಿರಬೇಕೆಂದು ಅವನು ತರ್ಕಿಸಿದನು. ಅದಕ್ಕೆ ಅವನು ಮುಂದಿಟ್ಟ ಮುಖ್ಯ ಸಾಕ್ಷ್ಯವು ಮಧ್ಯಪ್ರದೇಶದ ಏರಣದಲ್ಲಿ ಕನ್ನಿಂಗ್‌ಹ್ಯಾಮನಿಗೆ ದೊರೆತ, ಧರ್ಮಪಾಲನ ಹೆಸರುಳ್ಳ ಒಂದು ನಾಣ್ಯ. ಅದರ ಮೇಲಣ ಬ್ರಾಹ್ಮೀ ಲೇಖವು ಬಲದಿಂದ ಎಡಕ್ಕೆ ಓದಿಸಿಕೊಳ್ಳುತ್ತದೆ. ಆದರೆ ನಾಣ್ಯದ ಸಾಕ್ಷ್ಯವನ್ನು ಹಾಗೆ ನೇರವಾಗಿ ನಂಬಲಾಗದು. ನಾಣ್ಯವನ್ನು ಅಚ್ಚಿನಿಂದ ಒತ್ತುತ್ತಾರೆ. ಅಚ್ಚಿನಲ್ಲಿ ಅಕ್ಷರಗಳು ತಿರುಗುಮುರುಗಾಗಿ ಇದ್ದರೆ ಮಾತ್ರ ನಾಣ್ಯದ ಮೇಲೆ ಸರಿಯಾಗಿ ಮೂಡುತ್ತವೆ. ಕೆತ್ತುವವನು ಮರೆತು ಅಚ್ಚಿನಲ್ಲಿಯೇ ನೇರವಾಗಿ ಕೊರೆದನೆಂದರೆ ನಾಣ್ಯದ ಲೇಖವು ಹಿಂದುಮುಂದಾಗುತ್ತದೆ. ಅದು ಟಂಕಸಾಲೆಯ ತಪ್ಪು, ಲಿಪಿಯ ಪೂರ್ವಚರಿತ್ರೆಯಲ್ಲ. ಈ ಆಕ್ಷೇಪಣೆ ಬಲವಾದುದು. ಒಂದೇ ನಾಣ್ಯದ ಮೇಲೆ ಇಡೀ ಸಿದ್ಧಾಂತವನ್ನು ನಿಲ್ಲಿಸುವುದು ಬ್ಯೂಲರನಂತಹ ವಿದ್ವಾಂಸನಿಗೂ ಸಾಹಸವೇ ಆಗಿತ್ತು.

1898ರಲ್ಲಿ ಬ್ಯೂಲರನು ತೀರಿಕೊಂಡ ಮೂರು ದಶಕಗಳ ಬಳಿಕ ಆಂಧ್ರದ ಕರ್ನೂಲು ಪ್ರಾಂತದ ಎರ್ರಗುಡಿಯಲ್ಲಿ ಅಶೋಕನ ಶಾಸನಗಳು ದೊರೆತುವು. ಅಲ್ಲಿಯ ಕಿರುಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ. ಗ್ರೀಕರು ಇಂತಹ ಬರಹವನ್ನು ಉಳುವ ಎತ್ತು ಗದ್ದೆಯ ಕೊನೆಯಲ್ಲಿ ತಿರುಗುವುದಕ್ಕೆ ಹೋಲಿಸಿ ಹೆಸರಿಟ್ಟಿದ್ದರು. ಗ್ರೀಕ್ ಲಿಪಿಯೂ ಫಿನೀಷಿಯನ್ನರಿಂದ ಬಂದುದಾಗಿ, ಮೊದಲಲ್ಲಿ ಬಲದಿಂದ ಎಡಕ್ಕೆ ಸಾಗಿ, ಬಳಿಕ ಈ ಎತ್ತಿನ ತಿರುವನ್ನು ಬಳಸಿ, ಕೊನೆಗೆ ಎಡದಿಂದ ಬಲಕ್ಕೆ ನಿಂತಿತು. ಕ್ರೀಟ್ ದ್ವೀಪದ ಗೋರ್ಟಿನ್ ಊರಿನ ಕಾನೂನುಗಳನ್ನು ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿಯೂ ಹೀಗೆಯೇ ಗೋಡೆಯ ಮೇಲೆ ಕೆತ್ತಿದ್ದರು. ಎರ್ರಗುಡಿಯು ಬ್ಯೂಲರನ ವಾದಕ್ಕೆ ಜೀವ ತಂದಿತೆಂದು ಕೆಲವರಿಗೆ ತೋರಿದ್ದು ಸಹಜ.

ಆದರೆ ಶಾಸನವನ್ನು ಸಾಲುಸಾಲಾಗಿ ನೋಡಿದರೆ ಸಂಶಯ ಬರುತ್ತದೆ. ಸಾಲುಗಳು ಆರಂಭದಲ್ಲಿ ಒಂದು ಬಿಟ್ಟು ಒಂದರಂತೆ ತಿರುಗುತ್ತವೆ. ಮುಂದೆ ಈ ಕ್ರಮ ತಪ್ಪುತ್ತದೆ. ಗ್ರೀಕರಲ್ಲಿ ಇದು ಅನೇಕ ಊರುಗಳಲ್ಲಿ, ಅನೇಕ ತಲೆಮಾರುಗಳವರೆಗೆ ನಡೆದ ಪದ್ಧತಿ. ಅಶೋಕನ ಇತರ ಬ್ರಾಹ್ಮೀ ಶಾಸನಗಳಲ್ಲಾದರೋ ಇದರ ಸುಳಿವೇ ಇಲ್ಲ. ಒಂದು ಪದ್ಧತಿಯು ಹಳೆಯದಾಗಿದ್ದು ಅಳಿಯುತ್ತಿದ್ದರೆ ಅದರ ಚೂರುಗಳು ಅಲ್ಲಲ್ಲಿ ಸಿಕ್ಕಬೇಕು. ಒಂದೇ ಬಂಡೆಯಲ್ಲಿ, ಅದೂ ನಡುನಡುವೆ ಕೆಟ್ಟು, ಕಾಣುವುದು ಒಬ್ಬ ಲಿಪಿಕಾರನ ಪ್ರಯೋಗವೋ ಅಭ್ಯಾಸಬಲವೋ ಇರಬೇಕು. ಎರಡು ದಿಕ್ಕುಗಳಲ್ಲಿ ಬರೆಯಬಲ್ಲ ಚಪಡನಂತಹವರು ಈ ಸೀಮೆಯಲ್ಲಿಯೇ ಕೆಲಸ ಮಾಡಿದ್ದರೆಂಬುದನ್ನು ನೆನೆದರೆ ಈ ಎರಡನೆಯ ಅರ್ಥವೇ ನನಗೆ ಹೆಚ್ಚು ಸಂಗತವಾಗಿ ತೋರುತ್ತದೆ.

ಇಂತಹ ಅಭ್ಯಾಸವು ಮನುಷ್ಯನಲ್ಲಿ ಎಲ್ಲಿ ನೆಲೆಸಿರುತ್ತದೆ? ಓದುವಾಗ ಕಣ್ಣು ಸಾಲಿನ ಮೇಲೆ ಸಮವಾಗಿ ಜಾರುವುದಿಲ್ಲ. ನಿಂತು, ಜಿಗಿದು, ಮತ್ತೆ ನಿಲ್ಲುತ್ತದೆ. ನಿಂತಾಗ ಅದಕ್ಕೆ ಉಪಯೋಗವಾಗುವ ಅಕ್ಷರಗಳೆಷ್ಟು ಎಂಬುದನ್ನು ಮನಶ್ಶಾಸ್ತ್ರಜ್ಞರು ಅಳೆದಿದ್ದಾರೆ. ಇಂಗ್ಲಿಷನ್ನು ಓದುವವನಿಗೆ ನೋಟ ನಿಂತ ಸ್ಥಳದಿಂದ ಎಡಕ್ಕೆ ಮೂರು ನಾಲ್ಕು ಅಕ್ಷರಗಳೂ ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರಗಳ ಜಾಗವೂ ಉಪಯೋಗಕ್ಕೆ ಬರುತ್ತವೆ. ಈ ಓರೆಯು ಕಣ್ಣಿನ ರಚನೆಯಿಂದ ಬಂದುದೋ, ಓದಿನ ಅಭ್ಯಾಸದಿಂದ ಬಂದುದೋ? ಪೊಲ್ಲಾಟ್ಸೆಕ್, ರೇನರ್ ಮೊದಲಾದವರು 1981ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ಬಗೆಹರಿಸಿತು. ಹೀಬ್ರೂ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಮುಂದೆ ಬರಹವನ್ನಿಟ್ಟು, ಅವರ ನೋಟದ ಸುತ್ತ ಒಂದು ಕಿಟಕಿಯಷ್ಟು ಭಾಗವನ್ನು ಮಾತ್ರ ಕಾಣುವಂತೆ ಮಾಡಿ, ಉಳಿದುದನ್ನು ಮರೆಸಿದರು. ನೋಟವು ಚಲಿಸಿದಂತೆ ಕಿಟಕಿಯೂ ಚಲಿಸುತ್ತಿತ್ತು. ಇಂಗ್ಲಿಷನ್ನು ಓದುವಾಗ ಕಿಟಕಿಯು ಬಲಕ್ಕೆ ಚಾಚಿದ್ದರೆ ಓದು ಸುಗಮವಾಯಿತು. ಅದೇ ಜನರು ಹೀಬ್ರೂವನ್ನು ಓದುವಾಗ ಅದು ಎಡಕ್ಕೆ ಚಾಚಿರಬೇಕಾಯಿತು. ಆದುದರಿಂದ ಓರೆಯು ಕಣ್ಣಿನದಲ್ಲ, ಗಮನದ್ದು. ಒಂದು ಲಿಪಿಯನ್ನು ಕೈಗೆತ್ತಿಕೊಂಡೊಡನೆ ಗಮನವು ಆ ಲಿಪಿಯ ಮುಂದಿನ ಮಗ್ಗುಲಿಗೆ ಸರಿಯುತ್ತದೆ. ಹಳೆಯ ಅಭ್ಯಾಸ ಅಳಿದು ಹೊಸದು ಬರುವುದಲ್ಲ. ಎರಡೂ ಜೊತೆಯಾಗಿ ಉಳಿಯುತ್ತವೆ.

ನಮ್ಮ ನಾಡಿನ ಉರ್ದು ಶಾಲೆಗಳ ಮಕ್ಕಳು ಉರ್ದುವನ್ನು ಬಲದಿಂದಲೂ ಕನ್ನಡವನ್ನು ಎಡದಿಂದಲೂ ದಿನವೂ ಬರೆಯುತ್ತಾರೆ. ಅವರಿಗೆ ಇದು ಸಮಸ್ಯೆಯೆಂದು ಹೇಳಿದರೆ ನಕ್ಕಾರು. ವಯಸ್ಸಾದ ಮೇಲೆ ಉರ್ದುವನ್ನೋ ಪಾರಸಿಯನ್ನೋ ಕಲಿಯುವ ನಮ್ಮ ಸಂಶೋಧನ ವಿದ್ಯಾರ್ಥಿಯ ಕಷ್ಟ ಬೇರೆ. ಅಕ್ಷರ ಬಂದರೂ ಓದು ನಿಧಾನವಾಗುವುದಕ್ಕೆ ಅವನು ದಿಕ್ಕನ್ನು ದೂರುತ್ತಾನೆ. ಆದರೆ ತಪ್ಪು ಎಲ್ಲಿದೆಯೆಂದು ಪರೀಕ್ಷಿಸಿದರೆ ದಿಕ್ಕಿನ ಪಾಲು ಸಣ್ಣದು. ಅವನು ಪದಗಳನ್ನು ಸರಿಯಾಗಿ ಓದಿ, ಸಾಲು ಮುಗಿದಾಗ ಮುಂದಿನ ಸಾಲಿನ ಎಡತುದಿಗೆ ಇಳಿದು ತಡವರಿಸಿದರೆ ಅದು ದಿಕ್ಕಿನ ತಪ್ಪು. ಸಾಲಿನ ಕೆಳಗೆ ಒಂದು ಕಾಗದವನ್ನಿಟ್ಟುಕೊಂಡು ಓದುತ್ತ ಬಂದರೆ ಇದು ಹೋಗುತ್ತದೆ. ಪದದ ನಡುವೆಯೇ ನಿಂತು ಹಿಂದೆಮುಂದೆ ನೋಡುವನಾದರೆ ಅದು ದಿಕ್ಕಲ್ಲ. ಕೂಡಿಬರುವಾಗ ಅಕ್ಷರದ ಆಕಾರ ಬದಲಾಗುವುದೂ, ಹ್ರಸ್ವ ಸ್ವರಗಳನ್ನು ಬರೆಯದೆ ಬಿಡುವುದೂ ಅದಕ್ಕೆ ಕಾರಣ. ಸ್ವರಚಿಹ್ನೆಯಿಲ್ಲದ ಪದವನ್ನು ಮೊದಲೇ ಬಲ್ಲವನು ಮಾತ್ರ ಬೇಗ ಓದಬಲ್ಲನು. ಇಲ್ಲಿ ಕಾಗದದ ಪಟ್ಟಿ ಸಹಾಯಕ್ಕೆ ಬಾರದು, ಪದಸಂಪತ್ತೇ ಬೇಕು.

ಅಂಕಿಗಳು ಬಂದಾಗ ಮಾತ್ರ ಎಲ್ಲರೂ ಚಪಡನ ಓದುಗರೇ ಆಗುತ್ತಾರೆ. ಉರ್ದು ಸಾಲಿನೊಳಗೆ 1892 ಎಂಬ ಇಸವಿ ಇದ್ದರೆ, ಬಲದಿಂದ ಬರುವ ನೋಟಕ್ಕೆ ಮೊದಲು ಸಿಕ್ಕುವುದು 2. ಆದರೆ ಸಂಖ್ಯೆಯ ದೊಡ್ಡ ಸ್ಥಾನವು ಎಡಗಡೆಯಲ್ಲಿಯೇ ಇರುವುದರಿಂದ ನೋಟವು ನಾಲ್ಕು ಅಂಕಿಗಳನ್ನು ದಾಟಿ 1ರ ಬಳಿಗೆ ಹೋಗಿ, ಅಲ್ಲಿಂದ ಬಲಕ್ಕೆ ಓದಿ, ಮತ್ತೆ ಎಡಕ್ಕೆ ಹಾರಿ ವಾಕ್ಯವನ್ನು ಹಿಡಿಯಬೇಕು. ಬ್ರಹ್ಮಗಿರಿಯ ಬಂಡೆಯಲ್ಲಿ 'ಲಿಪಿಕರೇಣ' ಎಂಬ ಪದದ ಬಳಿ ಓದುಗನು ಮಾಡಬೇಕಾದ ಕೆಲಸವೂ ಇದೇ, ದಿಕ್ಕು ಮಾತ್ರ ತಿರುಗುಮುರುಗು.