ಉದ್ಯಮ್ ನೋಂದಣಿಯ ದಿನಾಂಕವೂ ಸೂಕ್ಷ್ಮ ತಯಾರಕನ ಹಕ್ಕುಬಾಧ್ಯತೆಗಳೂ

ಒಂದೆರಡು ಲೇತ್ ಯಂತ್ರಗಳನ್ನಿಟ್ಟುಕೊಂಡು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಒದಗಿಸುವ ತಯಾರಕನು ಸರಕಾರದ ದಾಖಲೆಯಲ್ಲಿ ತನ್ನ ಘಟಕದ ಹೆಸರನ್ನು ಬರೆಯಿಸಿಕೊಂಡರೆ ಅವನಿಗೆ ಯಾವ ಹಕ್ಕು ಲಭಿಸುತ್ತದೆ, ಅದು ಎಂದಿನಿಂದ ಊರ್ಜಿತವಾಗುತ್ತದೆ, ಅದರೊಡನೆ ಯಾವ ಹೊಣೆ ಬರುತ್ತದೆ ಎಂಬುದು ಈ ಲೇಖನದ ವಿಚಾರ. ನೋಂದಣಿಯಿಂದ ಸಾಲದ ಆದ್ಯತೆಯೂ ಟೆಂಡರಿನ ರಿಯಾಯಿತಿಗಳೂ ದೊರೆಯುವುವಾದರೂ, ಬಾಕಿ ಹಣವನ್ನು ಬಡ್ಡಿಸಹಿತ ಕೇಳುವ ಹಕ್ಕೇ ಅವುಗಳಲ್ಲಿ ಪ್ರಧಾನವಾದುದೆಂದೂ, ನೋಂದಣಿಯ ದಿನಾಂಕವೇ ಆ ಹಕ್ಕಿನ ಮೇರೆಯೆಂದೂ ಇಲ್ಲಿ ಪ್ರತಿಪಾದಿಸಲಾಗಿದೆ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಕೆಳಗೆ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಜ್ಞಾಪನಪತ್ರ ಸಲ್ಲಿಸುವ ಪದ್ಧತಿಯಿದ್ದು, 2015ರಲ್ಲಿ ಉದ್ಯೋಗ್ ಆಧಾರ್ ಬಂದು, 2020ರ ಜುಲೈ 1ರಿಂದ ಉದ್ಯಮ್ ನೋಂದಣಿಯು ಜಾರಿಗೆ ಬಂದಿತು. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳ ಆಧಾರದ ಮೇಲೆ ಉದ್ಯಮಿಯು ಸ್ವಯಂಘೋಷಣೆಯಿಂದಲೇ ಇದನ್ನು ಪೂರೈಸಬಹುದು. ಶುಲ್ಕವಿಲ್ಲ, ಕಾಗದಪತ್ರಗಳನ್ನು ಲಗತ್ತಿಸಬೇಕಾಗಿಯೂ ಇಲ್ಲ. 2025ರ ಏಪ್ರಿಲ್ 1ರಿಂದ, ಯಂತ್ರೋಪಕರಣಗಳ ಹೂಡಿಕೆ 2.5 ಕೋಟಿ ರೂಪಾಯಿಗಳನ್ನೂ ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿಗಳನ್ನೂ ಮೀರದ ಘಟಕವು ಸೂಕ್ಷ್ಮವೆನಿಸುತ್ತದೆ. ನೆಲ ಮತ್ತು ಕಟ್ಟಡದ ಬೆಲೆ ಹೂಡಿಕೆಯ ಲೆಕ್ಕಕ್ಕೆ ಸೇರದು. ಆದರೆ ಒಂದೇ ಪ್ಯಾನ್ ಸಂಖ್ಯೆಯ ಅಡಿಯಲ್ಲಿರುವ ಘಟಕಗಳೆಲ್ಲವೂ ಒಂದೇ ಉದ್ಯಮವಾಗಿ ಎಣಿಸಲ್ಪಡುವುವು.

ಹಕ್ಕಿನ ಸ್ವರೂಪವನ್ನು ಒಂದು ಕಲ್ಪಿತ ನಿದರ್ಶನದಿಂದ ವಿಶದಪಡಿಸಬಹುದು. ಬೆಂಗಳೂರಿನ ಪೀಣ್ಯದ ಒಬ್ಬ ತಯಾರಕನು ಪಂಪು ತಯಾರಿಸುವ ಕಂಪನಿಯೊಂದಕ್ಕೆ ಫೆಬ್ರುವರಿಯಲ್ಲಿ ಒಮ್ಮೆ ಬುಷ್‌ಗಳನ್ನು ಒದಗಿಸಿ, ಮೇ 15ರಂದು ನೋಂದಾಯಿಸಿಕೊಂಡು, ಜೂನ್ 1ರಂದು ಹೊಸ ಆದೇಶದ ಮೇರೆಗೆ ಎರಡು ಲಕ್ಷ ರೂಪಾಯಿಗಳ ಸರಕನ್ನು ಮತ್ತೆ ತಲುಪಿಸಿದನೆನ್ನೋಣ. ಸರಕು ತಲುಪಿದ 15 ದಿನಗಳೊಳಗೆ ಕೊಳ್ಳುವವನು ಲಿಖಿತ ಆಕ್ಷೇಪಣೆಯನ್ನು ಸಲ್ಲಿಸದಿದ್ದರೆ, ತಲುಪಿದ ದಿನವೇ ಸ್ವೀಕಾರದ ದಿನವಾಗುತ್ತದೆ. ಒಪ್ಪಂದದಲ್ಲಿ 90 ದಿನಗಳ ಗಡುವನ್ನು ಬರೆದಿದ್ದರೂ 15ನೆಯ ಪ್ರಕರಣವು ಅದನ್ನು 45 ದಿನಗಳಿಗೆ ಮಿತಿಗೊಳಿಸುವುದರಿಂದ, ಜುಲೈ 16ರೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ, 16ನೆಯ ಪ್ರಕರಣದಂತೆ, ರಿಸರ್ವ್ ಬ್ಯಾಂಕು ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ ಸಲ್ಲುತ್ತದೆ. ಬ್ಯಾಂಕ್ ದರವನ್ನು ಶೇಕಡ 6 ಎಂದು ಹಿಡಿದರೆ ವರ್ಷಕ್ಕೆ ಶೇಕಡ 18, ತಿಂಗಳಿಗೆ ಶೇಕಡ 1.5 ಆಗಿ, ಆರು ತಿಂಗಳ ವಿಳಂಬಕ್ಕೆ ಸುಮಾರು 18,689 ರೂಪಾಯಿಗಳ ಬಡ್ಡಿ ಕೂಡುತ್ತದೆ. ಬಾಕಿದಾರನು ಒಪ್ಪದಿದ್ದರೆ ಸೌಲಭ್ಯ ಪರಿಷತ್ತಿಗೆ ಅರ್ಜಿ ಸಲ್ಲಿಸಬಹುದು. ಅಲ್ಲಿ ಮೊದಲು ರಾಜಿ ಸಂಧಾನ, ಅದು ವಿಫಲವಾದರೆ ಪಂಚಾಯ್ತಿ ತೀರ್ಮಾನ. ಆ ತೀರ್ಪನ್ನು ರದ್ದುಗೊಳಿಸಬೇಕೆಂದು ನ್ಯಾಯಾಲಯಕ್ಕೆ ಹೋಗುವ ಕೊಳ್ಳುವವನು ಮೊತ್ತದ ಶೇಕಡ 75ನ್ನು ಮುಂಗಡವಾಗಿ ಠೇವಣಿ ಇಡಬೇಕು.

ಆದರೆ ಫೆಬ್ರುವರಿಯ ಸರಕಿನ ಗತಿ ಬೇರೆ. 2021ರ ಸಿಲ್ಪಿ ಇಂಡಸ್ಟ್ರೀಸ್ ಮತ್ತು 2022ರ ಮಹಾಕಾಳಿ ಫುಡ್ಸ್ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ನೋಂದಣಿಯ ಫಲವು ಅನಂತರದ ಪೂರೈಕೆಗಳಿಗೆ ಮಾತ್ರ ಸಲ್ಲುವುದೇ ಹೊರತು ಹಿಂದಿನವಕ್ಕೆ ಸಲ್ಲದೆಂದು ಹೇಳಿತು. 2025ರ ಜನವರಿಯಲ್ಲಿ ಎನ್‌ಬಿಸಿಸಿ ಪ್ರಕರಣವನ್ನು ಆಲಿಸಿದ ಪೀಠವು ಬೇರೆ ದೃಷ್ಟಿಯನ್ನು ತಳೆದು, ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. ಆದುದರಿಂದ ವಿವಾದ ಹುಟ್ಟಿದ ಮೇಲೆ ನೋಂದಾಯಿಸಿಕೊಂಡು ಹಳೆಯ ಬಾಕಿಯನ್ನು ಬೇಡಹೊರಡುವವನು ಸಂದಿಗ್ಧ ನೆಲೆಯ ಮೇಲೆ ನಿಂತಿರುತ್ತಾನೆ. ಪ್ರಮಾಣಪತ್ರದಲ್ಲಿ ಉದ್ಯಮಾರಂಭದ ದಿನವೂ ನೋಂದಣಿಯ ದಿನವೂ ಬೇರೆ ಬೇರೆಯಾಗಿ ನಮೂದಾಗಿರುತ್ತವೆ. ಮೊದಲನೆಯದು ಹಳೆಯದಾಗಿದ್ದ ಮಾತ್ರಕ್ಕೆ ಎರಡನೆಯದರ ಕೊರತೆ ತುಂಬದು.

ಇನ್ನೊಂದು ದೋಷವು ಅರ್ಜಿಯ ಒಳಗೇ ಅಡಗಿರುತ್ತದೆ. ಚಟುವಟಿಕೆಯ ಸಂಕೇತವನ್ನು ಆರಿಸುವಾಗ ಲೋಹದ ಯಂತ್ರಕೆಲಸವೆಂದು ತೋರಿಸಬೇಕಾದವನು ಸಗಟು ವ್ಯಾಪಾರವೆಂದು ನಮೂದಿಸಿದರೆ, 2021ರ ಆದೇಶದಂತೆ ವ್ಯಾಪಾರಿಗಳಿಗೆ ದೊರೆಯುವುದು ಆದ್ಯತಾ ವಲಯದ ಸಾಲ ಮಾತ್ರವಾದ್ದರಿಂದ, ವಿಳಂಬಿತ ಪಾವತಿಯ ರಕ್ಷೆಯು ಕೈತಪ್ಪೀತು.

ಬಾಧ್ಯತೆಗಳು ಮಿತವಾದರೂ ನಿರಂತರವಾದುವು. ಆದಾಯ ತೆರಿಗೆಯ ಹಾಗೂ ಜಿಎಸ್‌ಟಿಯ ವಿವರಗಳು ನೋಂದಣಿಯ ವಿವರಗಳಿಗೆ ತಾಳೆಯಾಗಬೇಕು. ಮಾಹಿತಿಯನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ನೋಂದಣಿ ಅಮಾನತಿಗೆ ಗುರಿಯಾಗಬಹುದು, ಸುಳ್ಳು ಘೋಷಣೆಗೆ ದಂಡವುಂಟು. ಉದ್ಯಮ್ ಸಂಖ್ಯೆಯು ಜಿಎಸ್‌ಟಿ ನೋಂದಣಿಗಾಗಲಿ ಸ್ಥಳೀಯ ಸಂಸ್ಥೆಯ ಪರವಾನಗಿಗಾಗಲಿ ಬದಲಿಯಾಗಲಾರದು. ಮತ್ತೊಬ್ಬ ಸಣ್ಣ ಪೂರೈಕೆದಾರನಿಂದ ಲೇಪನದ ಕೆಲಸ ಮಾಡಿಸಿಕೊಂಡಾಗ ಈ ತಯಾರಕನೇ ಕೊಳ್ಳುವವನಾಗುವುದರಿಂದ, 45 ದಿನಗಳ ನಿಯಮವು ಅವನನ್ನೂ ಬಂಧಿಸುತ್ತದೆ.

ಇಷ್ಟರಿಂದ ಸಿದ್ಧವಾಗುವ ನಿರ್ಣಯವಿದು: ತಯಾರಕನು ಮೊದಲ ಬಿಲ್ಲಿಗೆ ಮುನ್ನವೇ ನೋಂದಾಯಿಸಿಕೊಂಡು, ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನು ಅಚ್ಚುಮಾಡಿಸಿ, ಸರಕು ತಲುಪಿದುದಕ್ಕೆ ದಿನಾಂಕಸಹಿತ ರಸೀತಿಯನ್ನು ಕಾಪಾಡಿಕೊಳ್ಳತಕ್ಕದ್ದು, ಈ ಮೂರನ್ನೂ ಉಳಿಸಿಕೊಂಡವನಿಗೆ ಮಾತ್ರ ಅಧಿನಿಯಮವು ಕೊಟ್ಟ ಹಕ್ಕು ಪರಿಷತ್ತಿನ ಮುಂದೆ ಸುಲಭವಾಗಿ ಸಾಧಿತವಾಗುತ್ತದೆ.