ರೆವ್‌ಪಾರ್

‘ರೆವೆನ್ಯೂ ಪರ್ ಅವೈಲಬಲ್ ರೂಮ್’ ಎಂಬುದನ್ನು ಮೊಟಕುಗೊಳಿಸಿ ಹೋಟೆಲ್ ಉದ್ಯಮದವರು ಮಾಡಿಕೊಂಡ ಪದ. ಖಾಲಿ ಉಳಿದವೂ ಸೇರಿ, ಮಾರಾಟಕ್ಕಿದ್ದ ಪ್ರತಿ ರೂಮಿಗೆ ಬಿದ್ದ ಸರಾಸರಿ ವರಮಾನ ಇದು.

ಮೈಸೂರಿನಲ್ಲಿ 40 ರೂಮುಗಳ ಹೋಟೆಲೊಂದಿದೆ ಎನ್ನಿ. ಒಂದು ರಾತ್ರಿ 30 ರೂಮು ಹೋಗಿ, ತೆರಿಗೆ, ಊಟ ಬಿಟ್ಟು 90,000 ರೂಪಾಯಿ ಬಾಡಿಗೆ ಬಂತು. ಭರ್ತಿ ಶೇ 75, ಸರಾಸರಿ ದರ 3,000, ರೆವ್‌ಪಾರ್ 2,250. ಮರುದಿನ ದರವನ್ನು 4,000ಕ್ಕೆ ಏರಿಸಿದಾಗ 20 ರೂಮಷ್ಟೇ ಹೋದವು. ರೆವ್‌ಪಾರ್ 2,000ಕ್ಕೆ ಇಳಿಯಿತು. ಸರಾಸರಿ ದರವೊಂದನ್ನೇ ನೋಡುವವರಿಗೆ ಈ ನಷ್ಟ ಕಾಣುವುದೇ ಇಲ್ಲ.

ಬುಕಿಂಗ್ ದಾಖಲೆಯಲ್ಲಿ ಈ ಲೆಕ್ಕ ತಪ್ಪುವುದುಂಟು. ಮೂರು ರಾತ್ರಿ ತಂಗುವ ಅತಿಥಿಯ ಹಣವನ್ನೆಲ್ಲ ಅವರು ಬಂದ ದಿನಕ್ಕೇ ಬರೆದರೆ ಆ ರೂಮಿನ ದರ ಅಂದು ಮೂರು ಪಟ್ಟಾಗಿ, ಮುಂದಿನೆರಡು ರಾತ್ರಿ ರೂಮು ಖಾಲಿಯೆಂದು ತೋರುತ್ತದೆ. ಪ್ರತಿ ಬುಕಿಂಗನ್ನೂ ರಾತ್ರಿಗೊಂದು ಸಾಲಿನಂತೆ ಒಡೆದು ಬರೆಯಬೇಕು.